ಥಲಸ್ಸೀಮಿಯಾ ತಪಾಸಣೆಯ ಎಚ್‌ಪಿಎಲ್‌ಸಿ ಯಂತ್ರ: ಮೊದಲ ಐದು ರನ್ ಅದಕ್ಕೇ ಬೇಕು

ರಕ್ತದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಈ ಯಂತ್ರದ ಕಿಟ್ಟಿನ ಪೆಟ್ಟಿಗೆಯ ಮೇಲೆ 500 ಪರೀಕ್ಷೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಬಳ್ಳಾರಿಯ ನಮ್ಮಂಥ ಮಧ್ಯಮ ಗಾತ್ರದ ಪ್ರಯೋಗಾಲಯದಲ್ಲಿ ಅಷ್ಟು ಜನರ ವರದಿ ಅದರಿಂದ ಯಾವತ್ತೂ ಹೊರಬಂದಿಲ್ಲ, ಬರುವುದೂ ಇಲ್ಲ. ಈ ವಿಮರ್ಶೆ ಬರೆಯಲು ಕುಳಿತದ್ದೇ ಆ ಸಿಟ್ಟಿನಿಂದ. ಯಂತ್ರದ ಉದ್ದಗಲ, ತೂಕ, ಪರದೆಯ ಗಾತ್ರ ಇವೆಲ್ಲ ಕಂಪನಿಯವರ ಬಣ್ಣದ ಕೈಪಿಡಿಯಲ್ಲಿ ಸಿಗುತ್ತವೆ, ಅವನ್ನು ಬಿಡುತ್ತೇನೆ.

ಬೆಳಿಗ್ಗೆ ನಡೆಯುವುದು ಹೀಗೆ. ಎಸಿ ಹಾಕಿ ಕೋಣೆ ತಣ್ಣಗಾಗುವವರೆಗೆ ಯಂತ್ರವನ್ನು ಮುಟ್ಟುವುದಿಲ್ಲ. ನಮ್ಮೂರಿನ ಏಪ್ರಿಲ್–ಮೇ ತಿಂಗಳಲ್ಲಿ ಇದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಎರಡು ಬಫರ್ ಬಾಟಲಿಗಳನ್ನೂ ತೊಳೆಯುವ ದ್ರಾವಣದ ಬಾಟಲಿಯನ್ನೂ ಬೆಳಕಿಗೆ ಹಿಡಿದು, ಒಳಗೆ ಕದಡಿದ್ದೇನಾದರೂ ಇದೆಯೇ ಎಂದು ನೋಡುತ್ತೇನೆ. ಕೊಳವೆಯಲ್ಲಿ ಗಾಳಿಗುಳ್ಳೆ ಕಂಡರೆ ಪಂಪು ಓಡಿಸಿ ಹೊರಹಾಕುತ್ತೇನೆ. ಹಿಮೋಗ್ಲೋಬಿನ್ ಬೇರ್ಪಡುವ ಕೊಳವೆಯಾದ ಕಾಲಮ್ಮಿನ ಒತ್ತಡ ಒಂದೇ ಮಟ್ಟದಲ್ಲಿ ನಿಂತ ಮೇಲೆ ಸರದಿ ಶುರು. ಮೊದಲು ಕಾಲಮ್ಮನ್ನು ಹದಕ್ಕೆ ತರುವ ಪ್ರೈಮರ್, ಬಳಿಕ ಅಳತೆಯನ್ನು ಸರಿಹೊಂದಿಸುವ ಕ್ಯಾಲಿಬ್ರೇಟರ್ ಎರಡು ಸಲ, ಕೊನೆಗೆ ಪ್ರಮಾಣ ಮೊದಲೇ ಗೊತ್ತಿರುವ ಕಂಟ್ರೋಲ್ ರಕ್ತ ಎರಡು, ಒಂದು ಸಾಮಾನ್ಯ ಮಟ್ಟದ್ದು, ಇನ್ನೊಂದು ಹೆಚ್ಚಿನ ಮಟ್ಟದ್ದು. ಅಲ್ಲಿಗೆ ಐದು ರನ್ ಮುಗಿಯಿತು. ಒಂದು ರನ್ನಿಗೆ ಆರೂವರೆ ನಿಮಿಷ. ಇನ್ನೂ ಒಬ್ಬ ರೋಗಿಯ ರಕ್ತವೂ ಒಳಗೆ ಹೋಗಿಲ್ಲ.

ಈ ಐದೂ ಕಿಟ್ಟಿನ 500ರ ಲೆಕ್ಕಕ್ಕೇ ಜಮೆಯಾಗುತ್ತವೆ. ದಿನಕ್ಕೆ 20 ಮಾದರಿ ಇದ್ದರೆ 25 ರನ್ನಿನಲ್ಲಿ ಐದು ಹೋಯಿತು, ಪೆಟ್ಟಿಗೆಯಿಂದ 400 ವರದಿ ಸಿಕ್ಕಿತು. ದಿನಕ್ಕೆ ಐದೇ ಮಾದರಿ ಬಂದರೆ ಅರ್ಧಕ್ಕರ್ಧ ನಷ್ಟ, 250 ವರದಿಗೆ ಪೆಟ್ಟಿಗೆ ಖಾಲಿ. ಒಂದೇ ಕಾಸು, ಎರಡು ಫಲ. ಮಹಾನಗರದ ದೊಡ್ಡ ಲ್ಯಾಬಿನವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ದಿನದ ಪಟ್ಟಿಯಲ್ಲಿ ನಾಲ್ಕಾರು ಹೆಸರಿದ್ದರೆ ಅದೇ ಹೆಚ್ಚು.

ಕಂಪನಿಯವರಿಗೆ ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಮಾದರಿಗಳನ್ನು ಕೂಡಿಹಾಕಿ ವಾರಕ್ಕೊಮ್ಮೆ ಓಡಿಸಿ. ತಾಂತ್ರಿಕವಾಗಿ ತಪ್ಪೇನಿಲ್ಲ. ಇಡಿಟಿಎ ಟ್ಯೂಬಿನ ರಕ್ತವನ್ನು 2ರಿಂದ 8 ಡಿಗ್ರಿಯಲ್ಲಿಟ್ಟರೆ ಒಂದು ವಾರ ತಡೆಯುತ್ತದೆ. ಹಳತಾದದ್ದು ಗ್ರಾಫಿನಲ್ಲೇ ಗೊತ್ತಾಗುತ್ತದೆ, ಮುಖ್ಯ ಶಿಖರದ ಮುಂಚೆ ಬರುವ ಪಿ3 ಎಂಬ ಪುಟ್ಟ ಶಿಖರ ಉಬ್ಬಿಕೊಳ್ಳುತ್ತದೆ. ಅದು ಹತ್ತು ಪ್ರತಿಶತ ದಾಟಿದರೆ ಹೊಸ ರಕ್ತ ತರಿಸುವುದೇ ಸರಿ. ಆದರೆ ರಕ್ತ ಒಂದು ವಾರ ಕಾಯುತ್ತದೆ ಎಂದು ಗರ್ಭ ಕಾಯುತ್ತದೆಯೇ? ತಪಾಸಣೆಗೆ ಬರುವವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳ ಬಸುರಿಯರು. ಹೆಂಡತಿಯದು ಬಂದ ಮೇಲೆ ಗಂಡನದು, ಇಬ್ಬರೂ ಈ ಆನುವಂಶಿಕ ರಕ್ತದೋಷದ ವಾಹಕರಾದರೆ ಡಿಎನ್‌ಎ ಪರೀಕ್ಷೆ, ಅದಾದ ಮೇಲೆ ಭ್ರೂಣದ ಪರೀಕ್ಷೆಗೆ ಮಾಸಿನಿಂದ ತೆಗೆಯುವ ಕೋರಿಯಾನಿಕ್ ವಿಲ್ಲೈ ಮಾದರಿ. ಕೊನೆಯದನ್ನು ಸಾಮಾನ್ಯವಾಗಿ 11ರಿಂದ 14ನೇ ವಾರದೊಳಗೆ ತೆಗೆಯುತ್ತಾರೆ. ಈ ಸರಪಳಿಯಲ್ಲಿ ನಮ್ಮ ಯಂತ್ರ ಎರಡು ಸಲ ಬರುತ್ತದೆ. ಎರಡೂ ಸಲ ವಾರ ವಾರ ಕಾಯಿಸಿದರೆ ಮಿಕ್ಕವರಿಗೆ ಸಮಯವೇ ಉಳಿಯುವುದಿಲ್ಲ.

ಸಿರುಗುಪ್ಪ ಕಡೆಯ ಒಬ್ಬ ಹೆಣ್ಣುಮಗಳ ಪ್ರಸಂಗ ಹೇಳಿದರೆ ಇದು ಸ್ಪಷ್ಟವಾದೀತು. ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಹತ್ತನೇ ವಾರ, ಚೊಚ್ಚಲು, ಗಂಡ ಸೋದರಮಾವನ ಮಗ. ಹಿಮೋಗ್ಲೋಬಿನ್ 9.2. ಇಷ್ಟಕ್ಕೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆದರೆ ಕೆಂಪು ಕಣಗಳ ಸಂಖ್ಯೆ 50 ಲಕ್ಷ, ಕಣದ ಸರಾಸರಿ ಗಾತ್ರವಾದ ಎಂಸಿವಿ ಮಾತ್ರ 61. ಬರೀ ಕಬ್ಬಿಣದ ಕೊರತೆಯಾಗಿದ್ದರೆ ಕಣಗಳು ಚಿಕ್ಕದಾಗುವುದರ ಜೊತೆಗೆ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಥಲಸ್ಸೀಮಿಯಾ ವಾಹಕರಲ್ಲಿ ಕಣ ಚಿಕ್ಕದು, ಸಂಖ್ಯೆ ಜಾಸ್ತಿ. ಎಂಸಿವಿಯನ್ನು ದಶಲಕ್ಷದ ಲೆಕ್ಕದ ಕಣಸಂಖ್ಯೆಯಿಂದ ಭಾಗಿಸಿದರೆ 61 ಭಾಗಿಸು 5, ಅಂದರೆ 12.2. ಹದಿಮೂರಕ್ಕಿಂತ ಕಡಿಮೆ ಬಂದರೆ ವಾಹಕತ್ವದ ಅನುಮಾನ. ಇದು ಸುಳಿವು ಮಾತ್ರ, ತೀರ್ಪಲ್ಲ.

ಯಂತ್ರಕ್ಕೆ ಹಾಕಿದೆವು. ಎ2 ಹಿಮೋಗ್ಲೋಬಿನ್ 3.6 ಪ್ರತಿಶತ ಬಂತು.

ಇದರಷ್ಟು ತಲೆನೋವಿನ ಅಂಕಿ ಇನ್ನೊಂದಿಲ್ಲ. ನಾಲ್ಕು ದಾಟಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕಿ ಎಂದು ಬರೆಯಬಹುದಿತ್ತು, ಮೂರೂವರೆಯ ಕೆಳಗಿದ್ದರೆ ಬೇರೆ ಕಾರಣ ಹುಡುಕಬಹುದಿತ್ತು. ನಡುವಿನದು ಯಾವ ಕಡೆಗೂ ಸೇರದ ಜಾಗ. ಫೆರಿಟಿನ್ ನೋಡಿದರೆ 7, ಮೈಯಲ್ಲಿ ಕಬ್ಬಿಣ ಖಾಲಿ. ಕಬ್ಬಿಣದ ಕೊರತೆ ಎ2 ಪ್ರಮಾಣವನ್ನು ಕೆಳಗೆ ಎಳೆಯುತ್ತದೆ, ಹಾಗಾಗಿ ನಾಲ್ಕರ ಮೇಲಿರಬೇಕಾದ ವಾಹಕಿಯೂ ಮೂರೂವರೆಯ ಆಸುಪಾಸಿನಲ್ಲಿ ಅಡಗಿ ಕೂರಬಹುದು. ಪುಸ್ತಕದ ಸಲಹೆ ಕಬ್ಬಿಣ ಕೊಟ್ಟು ಕೆಲವು ತಿಂಗಳ ನಂತರ ಮತ್ತೆ ಅಳೆಯಿರಿ ಎಂಬುದು. ಬಸುರಿಗೆ ಆ ಸಲಹೆ ಒಗ್ಗುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಒಂದೇ, ಗಂಡನ ರಕ್ತ ಎಲ್ಲಿದೆ?

ಗಂಡ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಅತ್ತೆ ಮುಖ ಸಿಂಡರಿಸಿ, "ಮೇಡಂ, ರಕ್ತ ಕಡಿಮೆ ಇರುವುದು ಸೊಸೆಗೆ. ನನ್ನ ಮಗ ಗಟ್ಟಿಮುಟ್ಟಾಗಿದ್ದಾನೆ, ಅವನಿಗೇಕೆ ಸೂಜಿ?" ಎಂದರು. "ಗಟ್ಟಿಮುಟ್ಟಾಗಿರುವವರಲ್ಲೇ ಇದು ಅಡಗಿರುತ್ತದೆ ಅಮ್ಮಾ. ಇಬ್ಬರಲ್ಲೂ ಇದ್ದರೆ ಮಗುವಿಗೆ ಕಷ್ಟ, ಒಬ್ಬರಲ್ಲೇ ಇದ್ದರೆ ಚಿಂತೆಯಿಲ್ಲ" ಎಂದೆ. ಮಗ ರಾತ್ರಿಯ ರೈಲು ಹತ್ತಿ ಬಂದ. ಅವತ್ತು ಕಾಯುತ್ತಿದ್ದ ಮಾದರಿ ಅವನದೊಂದೇ. ಒಬ್ಬನ ರಕ್ತಕ್ಕೆ ಐದು ರನ್ ಪೀಠಿಕೆ! ಕೂಡಿಹಾಕುವ ನಿಯಮ ಬದಿಗಿಟ್ಟು ಓಡಿಸಿದೆವು. ಹಿಮೋಗ್ಲೋಬಿನ್ 13.1, ಕಣಸಂಖ್ಯೆ 64 ಲಕ್ಷ, ಎಂಸಿವಿ 64, ಎ2 5.6. ಇಲ್ಲಿ ಯಾವ ಗೊಂದಲವೂ ಇರಲಿಲ್ಲ, ಆತ ವಾಹಕ. ಇಬ್ಬರ ರಕ್ತವೂ ಡಿಎನ್‌ಎ ಪರೀಕ್ಷೆಗೆ ಹೋಯಿತು. ಇಬ್ಬರಲ್ಲೂ ಐವಿಎಸ್ 1-5 ಎಂಬ ಒಂದೇ ದೋಷ ಸಿಕ್ಕಿತು. ಭಾರತದಲ್ಲಿ ಅತಿ ಹೆಚ್ಚು ಕಾಣುವ ಬೀಟಾ ದೋಷವೇ ಅದು, ಸಂಬಂಧದಲ್ಲಿ ಮದುವೆಯಾದವರಲ್ಲಿ ಒಂದೇ ಮೂಲದಿಂದ ಬಂದಿದ್ದರೂ ಆಶ್ಚರ್ಯವಿಲ್ಲ. ಅಂಥ ದಂಪತಿಗೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ಭ್ರೂಣದ ಮಾದರಿ 13ನೇ ವಾರದಲ್ಲಿ ತೆಗೆದರು. ಮಗು ಬರೀ ವಾಹಕ ಎಂದು ತಿಳಿಯಿತು.

ಇಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತದೆ, ಏಕೆಂದರೆ ಆ 5.6 ಬಂದ ಗ್ರಾಫು ನೋಡಲು ಚೆಂದವಿತ್ತು. ಕಾಲಮ್ಮಿನೊಳಗಿನ ರಾಳಕ್ಕೆ ಋಣ ಆವೇಶ. ಒಡೆದ ಕೆಂಪು ಕಣದ ಹಿಮೋಗ್ಲೋಬಿನ್‌ಗಳು ಧನ ಆವೇಶದಿಂದ ಅದಕ್ಕೆ ಅಂಟಿಕೊಳ್ಳುತ್ತವೆ. ಬಫರಿನ ಉಪ್ಪಿನ ಸಾಂದ್ರತೆ ಏರುತ್ತ ಹೋದಂತೆ ಸಡಿಲವಾಗಿ ಹಿಡಿದದ್ದು ಮೊದಲು, ಬಿಗಿಯಾಗಿ ಹಿಡಿದದ್ದು ಕೊನೆಗೆ ಕಳಚುತ್ತದೆ. ನಮ್ಮ ಯಂತ್ರದಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಆದ ಎಫ್ ಸುಮಾರು 1.1 ನಿಮಿಷಕ್ಕೆ, ವಯಸ್ಕರ ಮುಖ್ಯ ಹಿಮೋಗ್ಲೋಬಿನ್ 2.5ರ ಹತ್ತಿರ, ಎ2 3.6ಕ್ಕೆ, ಸಿಕಲ್ ಕಾಯಿಲೆಯ ಎಸ್ 4.5ಕ್ಕೆ. ಬೆಳಕಿನ ಕಿರಣ 415 ನ್ಯಾನೋಮೀಟರಿನಲ್ಲಿ ಅವುಗಳನ್ನು ಅಳೆಯುತ್ತದೆ. ದೊಡ್ಡ ಶಿಖರ ಇಳಿದು ಗೆರೆ ತಳಕ್ಕೆ ಮುಟ್ಟಿ, ಒಂದು ಕ್ಷಣ ಮಟ್ಟಸವಾಗಿ ಓಡಿ, ಆಮೇಲೆ ಎ2 ಎದ್ದು ನಿಂತರೆ ಆ ಅಂಕಿಯನ್ನು ನಂಬಬಹುದು. ಗೆರೆ ತಳ ಮುಟ್ಟದೆ ಓರೆಯಾಗಿಯೇ ಏರಿದರೆ, ಕಾಲಮ್ಮು ಮುದಿಯಾಗಿದೆ ಎಂದರ್ಥ, ಪರದೆಯ ಮೇಲೆ ಎಷ್ಟೇ ಅಚ್ಚುಕಟ್ಟಾದ ದಶಮಾಂಶ ಬರಲಿ. ಮೊದಲು ಗ್ರಾಫು, ಆಮೇಲೆ ಅಂಕಿ ಎಂದು ಹೊಸ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ಯಂತ್ರ ಹೆಸರಿಡುವುದು ಹೊರಬಂದ ಸಮಯ ನೋಡಿ, ಮುಖ ನೋಡಿ ಅಲ್ಲ. ತೋರಣಗಲ್ಲಿನಿಂದ ಬಂದ ಒಬ್ಬ ಬಂಗಾಳಿ ಕಾರ್ಮಿಕನ ಹೆಂಡತಿಯ ವರದಿಯಲ್ಲಿ ಎ2 29 ಪ್ರತಿಶತ ಎಂದು ಅಚ್ಚಾಯಿತು. ಬೀಟಾ ವಾಹಕರ ಎ2 ಅಷ್ಟಕ್ಕೆ ಏರುವುದೇ ಇಲ್ಲ. ಹತ್ತು ದಾಟಿದರೆ ಅದೇ ಕಿಟಕಿಯಲ್ಲಿ ಹೊರಬೀಳುವ ಇನ್ನೊಂದು ಹಿಮೋಗ್ಲೋಬಿನ್ ಇದೆ ಎಂದು ತಿಳಿಯಬೇಕು. ಪೂರ್ವ ಭಾರತದವರಾದರೆ ಅದು ಬಹುತೇಕ ಹಿಮೋಗ್ಲೋಬಿನ್ ಇ. ಅದರ ವಾಹಕರು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಗಂಡ ಬೀಟಾ ವಾಹಕನಾಗಿದ್ದರೆ ಮಗುವಿಗೆ ಇ-ಬೀಟಾ ಥಲಸ್ಸೀಮಿಯಾ ಬರಬಹುದು. ಆದ್ದರಿಂದ ಆಕೆಯ ವರದಿಯ ಕೆಳಗೂ ಅದೇ ಸಾಲು ಬರೆದೆವು: ಗಂಡನ ರಕ್ತ ತರಿಸಿ. ಎ2 ಮತ್ತು ಇ ಎರಡನ್ನೂ ಬೇರೆಬೇರೆಯಾಗಿ ತೋರಿಸುವುದು ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಯಂತ್ರ, ನಮ್ಮಲ್ಲಿ ಇರುವುದಲ್ಲ. ಈಚೆಗೆ ರಕ್ತ ಹಾಕಿಸಿಕೊಂಡವರದ್ದೂ ಇದೇ ಪಾಡು, ಗ್ರಾಫಿನಲ್ಲಿ ಅರ್ಧ ದಾನಿಯೇ ಕಾಣುತ್ತಾನೆ. ಅವರನ್ನು ಮೂರು ತಿಂಗಳು ಬಿಟ್ಟು ಬರಹೇಳುತ್ತೇವೆ, ತುರ್ತಿದ್ದರೆ ತಂದೆತಾಯಿಯ ರಕ್ತ ನೋಡುತ್ತೇವೆ.

ನಮ್ಮ ಬಜೆಟ್ಟಿಗೆ ತಕ್ಕಂತೆ ಈಗ ಹೀಗೆ ಒಗ್ಗಿಸಿಕೊಂಡಿದ್ದೇವೆ. ಬಸುರಿಯರದ್ದಲ್ಲದ ಮಾದರಿಗಳು ಶುಕ್ರವಾರದವರೆಗೆ ಫ್ರಿಜ್ಜಿನಲ್ಲಿ ಕಾಯುತ್ತವೆ. ಬಸುರಿಯ ಎಂಸಿವಿ 80ಕ್ಕಿಂತ ಅಥವಾ ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ನಿನ ಸರಾಸರಿ ತೂಕವಾದ ಎಂಸಿಎಚ್ 27ಕ್ಕಿಂತ ಕಡಿಮೆಯಿದ್ದರೆ ಗಂಡನ ಟ್ಯೂಬನ್ನೂ ಅದೇ ದಿನ ತೆಗೆಸುತ್ತೇವೆ. ಆಗ ಐದು ರನ್ನಿನ ದಂಡ ಒಂದೇ ಸಲ ಕಟ್ಟಿದಂತಾಗುತ್ತದೆ. ಗಂಡನಿಗೆ ಎರಡನೇ ಸಲ ರೈಲು ಹತ್ತುವ ಪ್ರಮೇಯವೂ ಇಲ್ಲ. ಈ ಜರಡಿಯಲ್ಲೂ ತೂತಿದೆ, ಹಿಮೋಗ್ಲೋಬಿನ್ ಇ ಅಥವಾ ಎಸ್ ವಾಹಕರಲ್ಲಿ ಕಣದ ಗಾತ್ರ ಸರಿಯಾಗಿಯೇ ಇರಬಹುದು. ಅದಕ್ಕಾಗಿ ಊರು, ಮನೆತನದ ಮೂಲ ಕೇಳಿ, ಅನುಮಾನವಿದ್ದರೆ ಗಾತ್ರ ನೋಡದೆಯೇ ಯಂತ್ರಕ್ಕೆ ಹಾಕುತ್ತೇವೆ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ, ಕಳೆದ ಒಂದೂವರೆ ಪೂರ್ತಿ ಕಿಟ್ಟಿನ ಲೆಕ್ಕಕ್ಕೆ. ರಾಯಚೂರು, ಕೊಪ್ಪಳ ಕಡೆಯ ಸಣ್ಣ ಲ್ಯಾಬಿನವರು ಕೊಳ್ಳುವುದಾದರೆ ಯಂತ್ರದ ಬೆಲೆಗೆ ಚೌಕಾಸಿ ಮಾಡುತ್ತ ಕೂರಬೇಡಿ. ಕರಾರಿನಲ್ಲಿ ದರವನ್ನು ರನ್ನಿಗಲ್ಲ, ರೋಗಿಗೆ ಕೊಟ್ಟ ವರದಿಗೆ ಇಷ್ಟು ಎಂದು ಬರೆಸಿಕೊಳ್ಳಿ. ಪ್ರೈಮರ್, ಕ್ಯಾಲಿಬ್ರೇಟರ್, ಕಂಟ್ರೋಲ್ ಇವುಗಳ ರನ್ ಕಂಪನಿಯ ಖಾತೆಗೆ ಎಂಬ ಸಾಲು ಇರಲಿ. ನಮ್ಮ ಕರಾರು ಮುಂದಿನ ವರ್ಷ ನವೀಕರಣಕ್ಕೆ ಬರುತ್ತದೆ, ಆ ಸಾಲಿಲ್ಲದೆ ಈ ಸಲ ಸಹಿ ಬೀಳುವುದಿಲ್ಲ.