ಸಹಿ ಹಾಕುವ ಮುನ್ನ ಆ ಹಾಳೆಯನ್ನು ಮನೆಗೆ ತನ್ನಿ

ನಾನು ಲೆಕ್ಕ ಬಾರದವನಲ್ಲ. ಆದರೂ ಕಳೆದ ಕೆಲಸ ಬಿಟ್ಟಾಗ ಅಂತಿಮ ಇತ್ಯರ್ಥದ ಹಾಳೆಗೆ ಐದೇ ನಿಮಿಷದಲ್ಲಿ ಸಹಿ ಹಾಕಿ ಬಂದೆ. ಬರೆಯಲು ನಾಚಿಕೆಯಾಗುತ್ತಿದೆ.

ವಿಷಯ 2024ರದು. ಸೇವೆ 6 ವರ್ಷ 8 ತಿಂಗಳು, ಮೂಲ ವೇತನ 26,000 ರೂಪಾಯಿ, ಒಟ್ಟು ಸಂಬಳ 52,000. ಕೊನೆಯ ತಿಂಗಳ ಸಂಬಳ ಸರಿಯಾಗಿತ್ತು. ಮೂಲ ವೇತನ 21,000 ದಾಟಿದ್ದರಿಂದ ಬೋನಸ್ ಕಾಯ್ದೆ ನನಗೆ ಅನ್ವಯಿಸುತ್ತಿರಲಿಲ್ಲ, ಅದಕ್ಕೂ ತಕರಾರಿಲ್ಲ.

ರಾತ್ರಿ ಮನೆಯಲ್ಲಿ ಗ್ರಾಚ್ಯುಟಿ ಸಾಲಿನ ಮೇಲೆ ಕಣ್ಣು ನಿಂತಿತು: 78,000. ತಿಂಗಳಿಗೆ 30 ದಿನ ಹಿಡಿದು 15 ದಿನಕ್ಕೆ 13,000, ಅದಕ್ಕೆ ಆರು ವರ್ಷದ ಗುಣಾಕಾರ. ಆದರೆ ಆ ಹೊತ್ತಿಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಮಾಸಿಕ ವೇತನವನ್ನು 26ರಿಂದ ಭಾಗಿಸಬೇಕಿತ್ತು. ಆಗ 15 ದಿನಕ್ಕೆ 15,000 ಆಗುತ್ತದೆ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನೂ ಒಂದು ವರ್ಷವೆಂದೇ ಎಣಿಸಬೇಕಿತ್ತು. ಅಂದರೆ ಏಳು ವರ್ಷ, 1,05,000. ಒಂದೇ ಸಾಲಿನಲ್ಲಿ 27,000 ಮಾಯ!

ಕಚೇರಿಗೆ ಕರೆ ಮಾಡಿದೆ. "ಸಿಸ್ಟಂ ತಾನೇ ಲೆಕ್ಕ ಹಾಕುತ್ತದೆ ಸರ್, ನಮ್ಮ ಕೈಯಲ್ಲಿಲ್ಲ." ತಿಂಗಳಿಗೆ 26 ದಿನ ಅಲ್ಲವೇ ಎಂದೆ. "ತಿಂಗಳಿಗೆ 30 ದಿನ ಸರ್," ಎಂದು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ. ಕೊನೆಗೆ, "ನೀವೇ ಒಪ್ಪಿ ಸಹಿ ಹಾಕಿದ್ದೀರಲ್ಲ?"

ಇನ್ನೊಂದು ಗಾಯ ಇದಕ್ಕಿಂತ ಉರಿಯುವಂಥದ್ದು. ಬಾಕಿಯಿದ್ದ 18 ದಿನದ ರಜೆಗೆ ಮೂಲ ವೇತನದ ಮೇಲೆ 15,600 ಕೊಟ್ಟರು. ನೋಟಿಸ್ ಅವಧಿಯಲ್ಲಿ 15 ದಿನ ಕಡಿಮೆಯಾಯಿತೆಂದು ಒಟ್ಟು ಸಂಬಳದ ಮೇಲೆ 26,000 ಮುರಿದುಕೊಂಡರು. ಅವರು ಕೊಡುವಾಗ ನನ್ನ ಒಂದು ದಿನದ ಬೆಲೆ 867 ರೂಪಾಯಿ, ಕಿತ್ತುಕೊಳ್ಳುವಾಗ 1,733! "ಕೆಲಸ ಮುಗಿಯಿತಲ್ಲ, ಬೇಗ ಹೊರಡಿ," ಎಂದು ಆ 15 ದಿನ ಬಿಟ್ಟುಕೊಟ್ಟವರು ನನ್ನ ಮ್ಯಾನೇಜರೇ. ಬಾಯಿಮಾತಿನಲ್ಲಿ. ಈಗ ಅವರಿಗೆ ನೆನಪಿಲ್ಲವಂತೆ.

ಕಾಯ್ದೆಯ 4(2)ನೇ ಸೆಕ್ಷನ್ನಿನ ಸಾಲುಗಳನ್ನೇ ನಕಲಿಸಿ, ಮುಂದಿನ ಹೆಜ್ಜೆ ಕಾರ್ಮಿಕ ಇಲಾಖೆಯೆಂದು ಇಮೇಲ್ ಕಳಿಸಿದೆ. ಒಂಬತ್ತನೇ ದಿನ 27,000 ಖಾತೆಗೆ ಬಂತು. ಒಂದು ಸಾಲಿನ ವಿವರಣೆಯೂ ಇಲ್ಲ, ಕ್ಷಮೆಯಂತೂ ಇಲ್ಲವೇ ಇಲ್ಲ. ಸಿಸ್ಟಂ ಅವರ ಕೈಯಲ್ಲಿರಲಿಲ್ಲವಲ್ಲ, ಈಗ ಹೇಗೆ ಬಂತು?

ನೋಟಿಸ್ ಹಣ ಮಾತ್ರ ಬರಲಿಲ್ಲ. ನೇಮಕಾತಿ ಪತ್ರದಲ್ಲಿ "ಸಂಬಳ" ಎಂದಷ್ಟೇ ಇದೆ, ಮೂಲವೋ ಒಟ್ಟೋ ಹೇಳಿಲ್ಲ. ಬೇಗ ಬಿಡುತ್ತೇವೆ ಎಂದರೆ ಅದೇ ದಿನ ಇಮೇಲಿನಲ್ಲಿ ಬರೆಸಿಕೊಳ್ಳಿ, ನಗುತ್ತಾ ಹೇಳಿದರೂ ಬರೆಸಿಕೊಳ್ಳಿ. ಸಹಿ ಹಾಕಲೇಬೇಕೆಂದು ಕುಳಿತರೆ ಪಕ್ಕದಲ್ಲಿ "ಲೆಕ್ಕಕ್ಕೆ ತಕರಾರಿದೆ" ಎಂದು ಬರೆದು ಹಾಕಿ. ನಾನು ಹಾಕಿದ ಹಾಳೆಯಲ್ಲಿ "ಪೂರ್ಣ ತೃಪ್ತಿಯಿಂದ" ಎಂದು ಅಚ್ಚಾಗಿತ್ತು. ಅದನ್ನು ನಾನು ಓದಿಯೂ ಇದ್ದೆ.