ಇನ್ವರ್ಟರ್ ಬ್ಯಾಟರಿ, 4 ವರ್ಷ ಬಳಸಿದ ಮೇಲೆ: ನಾಲ್ಕನೇ ಸೆಲ್ಲಿನ ಕಥೆ

ಬದಿಯಡ್ಕದ ಕಡೆ ಮನೆ. ಆಟಿ ತಿಂಗಳಲ್ಲಿ ತೋಟದ ಒಂದು ಸೋಗೆ ತಂತಿ ಮೇಲೆ ಬಿದ್ದರೆ ಸಾಕು, ಕರೆಂಟ್ ಎರಡು ದಿನಕ್ಕೆ ರಜೆ. ಹಾಗಾಗಿ 2021ರ ಮೇ ತಿಂಗಳಲ್ಲಿ 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ತಂದೆ. ಮೊದಲ 36 ತಿಂಗಳು ಕೆಟ್ಟರೆ ಪೂರ್ತಿ ಬದಲಿ ಎಂದು ವಾರಂಟಿ ಕಾರ್ಡಿನಲ್ಲಿತ್ತು. ಎರಡು ವರ್ಷ ಹೇಳುವಂಥ ತೊಂದರೆ ಇರಲಿಲ್ಲ. 26ನೇ ತಿಂಗಳಲ್ಲಿ, ನಾಲ್ಕು ಗಂಟೆ ಓಡುತ್ತಿದ್ದದ್ದು ಇಪ್ಪತ್ತೇ ನಿಮಿಷಕ್ಕೆ ಕೀಂ ಎಂದು ಕೂಗಿ ನಿಂತಿತು.

ಸರ್ವಿಸ್ ಸೆಂಟರಿನ ಹುಡುಗ ಬಂದವನೇ ಆರೂ ಸೆಲ್ಲುಗಳ ಮುಚ್ಚಳ ತೆಗೆದು, ಡಿಸ್ಟಿಲ್ಡ್ ವಾಟರ್ ಹೊಯ್ದು, ಕೂಡಲೇ ಆಸಿಡ್ ಎಷ್ಟು ಗಟ್ಟಿಯಿದೆ, ಅಂದರೆ ಅದರ ಗ್ರಾವಿಟಿ ಎಷ್ಟು, ಎಂದು ಅಳೆಯುವ ಹೈಡ್ರೋಮೀಟರ್ ಅದ್ದಿದ. "ಮಾಷೇ, ಗ್ರಾವಿಟಿ ಇಲ್ಲವೇ ಇಲ್ಲ. ನೀರು ಹಾಕಿಲ್ಲ, ಲೋಡ್ ಜಾಸ್ತಿ ಎಳೆದಿದ್ದೀರಿ" ಎಂದು ಜಾಬ್ ಶೀಟಿನಲ್ಲಿ 'ಗ್ರಾಹಕರ ತಪ್ಪು ಬಳಕೆ' ಎಂದು ಬರೆದು ಸಹಿ ಕೇಳಿದ. ಈಗಷ್ಟೇ ಹೊಯ್ದ ನೀರು ಆಸಿಡ್‌ನೊಂದಿಗೆ ಬೆರೆಯದೆ ಮೇಲೆಯೇ ನಿಂತಿರುತ್ತದೆ. ಅದನ್ನು ಅಳೆದರೆ ಹೊಸ ಬ್ಯಾಟರಿಯೂ ಫೇಲೇ! ಮೇಲಾಗಿ ಬ್ಯಾಟರಿ ಖಾಲಿಯಾಗಿ ಕೂತಿತ್ತು, ಖಾಲಿಯಾದಾಗ ಗ್ರಾವಿಟಿ ಇಳಿದೇ ಇರುತ್ತದೆ. ನಾನು ಸಹಿ ಹಾಕಲಿಲ್ಲ. "ಆರು ಸೆಲ್ಲಿನ ರೀಡಿಂಗ್ ಬೇರೆ ಬೇರೆ ಬರೆದುಕೊಡಿ, ಆಮೇಲೆ ಸಹಿ" ಎಂದೆ. ಅವನು ಬರೆಯಲಿಲ್ಲ, ಹೋದ.

ಮರುದಿನ ಪೇಟೆಯಿಂದ ಒಂದು ಹೈಡ್ರೋಮೀಟರ್ ತಂದೆ. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಗ್ಗೆ ಇನ್ವರ್ಟರಿನ ವಯರ್ ಬಿಡಿಸಿ, ಐದಾರು ಗಂಟೆ ಸುಮ್ಮನೆ ಬಿಟ್ಟು ಅಳೆದೆ. ಐದು ಸೆಲ್ಲುಗಳಲ್ಲಿ 1.230ರಿಂದ 1.240. ನಾಲ್ಕನೆಯದರಲ್ಲಿ ಮಾತ್ರ 1.110. ಮಲ್ಟಿಮೀಟರ್ ಒಟ್ಟು 10.5 ವೋಲ್ಟ್ ತೋರಿಸಿತು. ಚಾರ್ಜ್ ಆಗಿ ವಿಶ್ರಾಂತಿ ಪಡೆದ ಬ್ಯಾಟರಿ 12.5ರ ಆಸುಪಾಸು ಇರಬೇಕು. ಕಡಿಮೆಯಾದ ಎರಡು ವೋಲ್ಟ್ ಅಂದರೆ ಸರಿಯಾಗಿ ಒಂದು ಸೆಲ್ಲಿನ ಪಾಲು. ಪುನಃ ಚಾರ್ಜಿಗೆ ಹಾಕಿ ಮುಚ್ಚಳ ತೆಗೆದು ನೋಡಿದರೆ, ಐದರಲ್ಲಿ ಅಕ್ಕಿ ಕುದಿಯುವ ಹಾಗೆ ಗುಳ್ಳೆ, ನಾಲ್ಕನೆಯದು ಬಾವಿಯ ನೀರಿನಂತೆ ತಣ್ಣಗೆ. ಅದನ್ನೇ ವಿಡಿಯೋ ಮಾಡಿದೆ. (ಇದು ಮಾಡುವವರು ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ, ಕಣ್ಣಿಗೆ ಕನ್ನಡಕ ಇರಲಿ.)

ಇಷ್ಟರಲ್ಲಿ ವಾದವೆಲ್ಲ ಅಡಗಿದೆ. ಆರು ಸೆಲ್ಲುಗಳೂ ಒಂದರ ಹಿಂದೆ ಒಂದು ಸರಪಣಿಯಂತೆ ಜೋಡಿಸಿದವು. ನಾನು ಮಿಕ್ಸಿಯನ್ನೇ ಓಡಿಸಿದ್ದರೂ ಅದೇ ಕರೆಂಟ್ ಆರರಲ್ಲೂ ಹರಿಯಬೇಕು, ಸೊರಗುವುದಿದ್ದರೆ ಆರೂ ಸೊರಗಬೇಕು. ಒಂದೇ ಸತ್ತಿದ್ದರೆ ಬಹುಮಟ್ಟಿಗೆ ಅದರ ಒಳಗೇ ಪ್ಲೇಟುಗಳು ತಾಗಿಕೊಂಡಿರುತ್ತವೆ. ಆದರೆ ಒಂದು ಸಂದು ಉಳಿಯುತ್ತದೆ: ಆ ಒಂದರಲ್ಲೇ ನೀರು ಬತ್ತಿದ್ದರೆ, ಅಥವಾ ಬಾವಿ ನೀರು ಹೊಯ್ದಿದ್ದರೆ? ಅದಕ್ಕೆ ನನ್ನ ಬಳಿ ಇದ್ದದ್ದು ಡಿಸ್ಟಿಲ್ಡ್ ವಾಟರಿನ ಬಿಲ್ಲುಗಳು, ಜೊತೆಗೆ ಹುಡುಗ ಬರುವ ಮೊದಲೇ ತೆಗೆದ ಒಂದು ಫೋಟೋ. ಅದರಲ್ಲಿ ನೀರಿನ ಮಟ್ಟ ತೋರಿಸುವ ಆರೂ ತೇಲುಬೊಟ್ಟುಗಳು ಗೆರೆಗಿಂತ ಮೇಲಿದ್ದವು. ಇನ್ವರ್ಟರಿನ ಚಾರ್ಜಿಂಗ್ ವೋಲ್ಟೇಜ್ 14.2 ಎಂದೂ ಅಳೆದಿಟ್ಟೆ, ನಾಳೆ 'ನಿಮ್ಮ ಇನ್ವರ್ಟರೇ ಸುಟ್ಟಿತು' ಎನ್ನಬಾರದಲ್ಲ.

ಇವಿಷ್ಟನ್ನು ಸೀರಿಯಲ್ ನಂಬರಿನ ಫೋಟೋ ಸಮೇತ ಕಂಪನಿಗೆ ಇಮೇಲ್ ಮಾಡಿದೆ. ಕೊನೆಗೆ ಒಂದು ಸಾಲು: ಬದಲಿ ಕೊಡದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಬ್ಯಾಟರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಕೇಳುತ್ತೇನೆ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕೆಂಬುದು ನನಗೂ ಗೊತ್ತಿತ್ತು, ಅದನ್ನು ಇಮೇಲಿನಲ್ಲಿ ಬರೆಯಲಿಲ್ಲ ಅಷ್ಟೆ.

ಒಂಬತ್ತನೇ ದಿನ ಬೇರೊಬ್ಬ ಇಂಜಿನಿಯರ್ ಬಂದ. ಹಿರಿಯ, ಮಾತು ಕಡಿಮೆ. ನಾನು ಅಳೆದ ರೀತಿಯಲ್ಲೇ ಅಳೆದ, ನಾಲ್ಕನೆಯದಕ್ಕೆ ಬಂದಾಗ ಟ್ಯೂಬನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ "ಸೆಲ್ ಶಾರ್ಟ್" ಎಂದು ಬರೆದ. 23ನೇ ದಿನಕ್ಕೆ ಬದಲಿ ಬಂತು. ಬದಲಿಗೆ ಹೊಸ ವಾರಂಟಿ ಇಲ್ಲ, ಹಳೆಯದರ ಉಳಿದ ತಿಂಗಳುಗಳು ಮಾತ್ರ. ಕಾರ್ಡಿನಲ್ಲಿ ಸಣ್ಣಕ್ಷರದಲ್ಲಿತ್ತು, ಓದಿರಲಿಲ್ಲ.

ಪಕ್ಕದ ಮನೆಯ ಭಟ್ರೂ ಇದೇ ದಾರಿ ಹಿಡಿಯಲು ಬಂದರು. ಅವರದ್ದು ಆರೂ ಸೆಲ್ 1.150. "ಭಟ್ರೇ, ಇದರಲ್ಲಿ ನಿಮಗೆ ವಾದವಿಲ್ಲ, ಮೊದಲು ಚಾರ್ಜಿಂಗ್ ನೋಡಿಸಿ" ಎಂದೆ. ಇನ್ವರ್ಟರ್ 13 ವೋಲ್ಟ್ ದಾಟುತ್ತಲೇ ಇರಲಿಲ್ಲ.

ಬದಲಿ ಬ್ಯಾಟರಿ ಈಗಲೂ ಮೂರು ಗಂಟೆ ಚಿಲ್ಲರೆ ಓಡುತ್ತದೆ. ಬ್ಯಾಟರಿಗೆ ನಾಲ್ಕು ನಕ್ಷತ್ರ, ಮೊದಲ ಹುಡುಗನಿಗೆ ಒಂದು. ಹೈಡ್ರೋಮೀಟರ್ ಮಾತ್ರ ಇನ್ನೂ ಭಟ್ರ ಮನೆಯಲ್ಲೇ ಇದೆ.