ವೆಸ್‌ಗೆ ವಿಶ್ವವಿದ್ಯಾಲಯದಿಂದಲೇ ಟ್ರಾನ್ಸ್‌ಕ್ರಿಪ್ಟ್ ಕಳಿಸುವ ಸೇವೆ: ಡಿಡಿ ಕಾಲದಿಂದ ಇ-ರಸೀದಿವರೆಗಿನ ಬಳಕೆಯ ವಿಮರ್ಶೆ

ರೇಟಿಂಗ್: 5ಕ್ಕೆ 3. ಟ್ರಾನ್ಸ್‌ಕ್ರಿಪ್ಟ್ ತಯಾರಿಸುವ ಕೆಲಸಕ್ಕೆ 4, ಹಣ ಕಟ್ಟುವ ವ್ಯವಸ್ಥೆಗೆ 3, ಅಂಚೆಗೆ ಹಾಕಿದ ಮೇಲೆ ಅರ್ಜಿದಾರರಿಗೆ ಸುದ್ದಿ ಮುಟ್ಟಿಸುವುದಕ್ಕೆ 1.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ದಾರಿಯಲ್ಲಿ ಹೊರಟವರು ತಮ್ಮ ಭಾರತದ ಪದವಿಯನ್ನು ಅಲ್ಲಿನ ಮಟ್ಟಕ್ಕೆ ತೂಗಿಸಿಕೊಳ್ಳಬೇಕು. ಅದಕ್ಕೆ ಕೆನಡಾ ಸರ್ಕಾರ ಗುರುತಿಸಿರುವ ಸಂಸ್ಥೆಗಳಲ್ಲಿ ನಮ್ಮವರು ಹೆಚ್ಚಾಗಿ ಹೋಗುವುದು ವರ್ಲ್ಡ್ ಎಜುಕೇಷನ್ ಸರ್ವಿಸಸ್‌ಗೆ, ಅಂದರೆ ವೆಸ್‌ಗೆ. ನಿಮ್ಮ ಕೈಯಲ್ಲಿರುವ ಅಂಕಪಟ್ಟಿಯ ಜೆರಾಕ್ಸ್ ಅಲ್ಲಿ ನಡೆಯುವುದಿಲ್ಲ. ಪದವಿ ಕೊಟ್ಟ ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟನ್ನು, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆಯನ್ನು, ಮೊಹರು ಮಾಡಿದ ಲಕೋಟೆಯಲ್ಲಿ, ಅಥವಾ ವೆಸ್ ಒಪ್ಪುವ ಆನ್‌ಲೈನ್ ದಾರಿಯಲ್ಲಿ, ನೇರವಾಗಿ ಕಳಿಸಬೇಕು. ಈ ವಿಮರ್ಶೆ ಲಕೋಟೆಯ ದಾರಿಯದ್ದು. ರಾಜ್ಯ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗದಲ್ಲಿ ಈ ಸೇವೆ ಹೇಗೆ ನಡೆಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದಷ್ಟೇ ಇಲ್ಲಿದೆ.

ಮೊದಲು, ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಎಂಬಲ್ಲೇ ಹಲವರು ಎಡವುತ್ತಾರೆ. ಕಾಲೇಜು ಈಗ ಯಾರ ಕೆಳಗಿದೆ ಎಂಬುದು ಲೆಕ್ಕಕ್ಕಿಲ್ಲ. ಘಟಿಕೋತ್ಸವ ಪ್ರಮಾಣಪತ್ರದ ಮೇಲೆ ಯಾರ ಹೆಸರಿದೆಯೋ ಅವರೇ ಟ್ರಾನ್ಸ್‌ಕ್ರಿಪ್ಟ್ ಕೊಡಬೇಕು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಯಿತು. ಅದಕ್ಕೂ ಮುಂಚೆ ಓದಿದವರ ಕಾಲೇಜು ಇವತ್ತು ಕೇಂದ್ರ ಅಥವಾ ಉತ್ತರ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದ್ದರೂ, ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದಾದರೆ ಅರ್ಜಿಯೂ ಅಲ್ಲಿಗೇ. ಎಂಜಿನಿಯರಿಂಗ್‌ನಲ್ಲೂ ಇದೇ ಕಥೆ: ವಿಟಿಯು ಹುಟ್ಟಿದ್ದು 1998ರಲ್ಲಿ, ಅದಕ್ಕೂ ಹಿಂದಿನ ಬಿ.ಇ.ಗೆ ಬೆಳಗಾವಿಯಲ್ಲಿ ದಾಖಲೆ ಹುಡುಕಿ ಪ್ರಯೋಜನವಿಲ್ಲ.

ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. 2014ರಿಂದ 2017ರವರೆಗೆ ಬಿ.ಕಾಂ., ಆರು ಸೆಮಿಸ್ಟರ್. ಮೂರನೆಯದರಲ್ಲಿ ಒಂದು ವಿಷಯ ಉಳಿದು, ಮುಂದಿನ ವರ್ಷ ಪಾಸಾಗಿದೆ. ಹಾಗಾಗಿ ಮಾರ್ಕ್ಸ್ ಕಾರ್ಡ್ ಆರಲ್ಲ, ಏಳು. ಅರ್ಜಿದಾರ ಈಗ ಹೊರ ರಾಜ್ಯದಲ್ಲಿದ್ದಾನೆ, ಓಡಾಡುವವರು ಊರಲ್ಲಿರುವ ಅಣ್ಣ. ಅಂಕಪಟ್ಟಿಯಲ್ಲಿ ಹೆಸರು ‘ಮಂಜುನಾಥ ಎಚ್. ಎಸ್.’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು. ತೀರ ಸಾಮಾನ್ಯ ಪ್ರಕರಣ, ಆದರೆ ಕೊಕ್ಕೆ ಬೀಳುವ ಜಾಗ ಎಲ್ಲವೂ ಇದರಲ್ಲಿವೆ.

ಕೆಲಸ ಶುರುವಾಗುವುದು ವೆಸ್ ಖಾತೆಯಿಂದ, ವಿಶ್ವವಿದ್ಯಾಲಯದಿಂದಲ್ಲ. ಅಲ್ಲಿ ಅರ್ಜಿ ತುಂಬಿ ಹಣ ಕಟ್ಟಿದ ಮೇಲೆ ಒಂದು ರೆಫರೆನ್ಸ್ ನಂಬರ್ ಸಿಗುತ್ತದೆ. ನಂತರ ಅಕಾಡೆಮಿಕ್ ರೆಕಾರ್ಡ್ಸ್ ರಿಕ್ವೆಸ್ಟ್ ಫಾರ್ಮ್ ಇಳಿಸಿಕೊಳ್ಳಬೇಕು. ಅದರಲ್ಲಿ ಅರ್ಜಿದಾರರ ಭಾಗವನ್ನು ನಾವು ತುಂಬಿ ಸಹಿ ಮಾಡಬೇಕು, ಉಳಿದದ್ದನ್ನು ಪರೀಕ್ಷಾ ವಿಭಾಗದ ಅಧಿಕಾರಿ ತುಂಬಿ ಸಹಿ, ಮೊಹರು ಹಾಕಿ ಟ್ರಾನ್ಸ್‌ಕ್ರಿಪ್ಟ್ ಜೊತೆಗೇ ಲಕೋಟೆಗೆ ಹಾಕಬೇಕು. ನಂಬರ್ ಸಿಗುವ ಮುಂಚೆಯೇ ಅವಸರಕ್ಕೆ ಬಿದ್ದು ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಟ್ಟರೆ, ಲಕೋಟೆ ಹೋಗಿ ಮುಟ್ಟಿದರೂ ಅದು ಯಾರದೆಂದು ಅಲ್ಲಿ ಹೊಂದಿಸಲು ಕಷ್ಟ. ಮೇಲೆ ಹೇಳಿದ ಹೆಸರಿನ ವ್ಯತ್ಯಾಸವೂ ಸೇರಿಕೊಂಡರೆ ಕೇಳುವುದೇ ಬೇಡ. ವಿಳಾಸವನ್ನೂ ಆ ಖಾತೆಯಲ್ಲಿ ತೋರಿಸಿದಂತೆಯೇ ನಕಲು ಮಾಡಿ. ಗೆಳೆಯರು ಹಿಂದೆ ಬಳಸಿದ ವಿಳಾಸ ಬದಲಾಗಿರಬಹುದು.

ಇನ್ನು ಶುಲ್ಕ. ಈ ಸೇವೆಯ ಕೀಲಿಯೇ ಇದು, ಹೆಚ್ಚು ಕೆಡುವುದೂ ಇಲ್ಲೇ. ಕಡತ ಮುಟ್ಟುವ ವಿಷಯ ನಿರ್ವಾಹಕರಿಗೆ ಹಣ ಬಂದಿದೆಯೋ ಇಲ್ಲವೋ ಕಾಣುವುದಿಲ್ಲ. ಹಣಕಾಸು ಶಾಖೆ ತಾಳೆ ನೋಡಿ ಹೇಳಬೇಕು. ತಾಳೆ ಆಗದ ಅರ್ಜಿ ತಿರಸ್ಕಾರವಾಗುವುದೂ ಇಲ್ಲ, ಸುಮ್ಮನೆ ಕೆಳಗೆ ಉಳಿಯುತ್ತದೆ. ಹಿಂದೆ ಹಣಕಾಸು ಅಧಿಕಾರಿಗಳ ಹೆಸರಿಗೆ ಡಿಡಿ ತೆಗೆಸಿ ಅರ್ಜಿಗೆ ಪಿನ್ ಮಾಡುತ್ತಿದ್ದಾಗ ಈ ತೊಡಕು ಕಡಿಮೆ ಇತ್ತು, ಕಾಗದ ಕಣ್ಣೆದುರೇ ಇರುತ್ತಿತ್ತು. ಆಗಿನ ತಾಪತ್ರಯ ಬೇರೆ: ಡಿಡಿಯ ಆಯಸ್ಸು ಮೂರು ತಿಂಗಳು, ಕಡತ ಅದಕ್ಕಿಂತ ನಿಧಾನ.

ಈಗ ಹೆಚ್ಚಿನ ಕಡೆ ಹಣ ಕಟ್ಟುವುದು ಎಸ್‌ಬಿಐ ಕಲೆಕ್ಟ್ ಎಂಬ ಆನ್‌ಲೈನ್ ಪುಟದಲ್ಲಿ. ಅದರಲ್ಲಿ ಸಂಸ್ಥೆ ಆರಿಸಿದ ಮೇಲೆ ಬರುವ ಪೇಮೆಂಟ್ ಕೆಟಗರಿ ಪಟ್ಟಿಯನ್ನು ಪೂರ್ತಿ ಓದಿ. ಟ್ರಾನ್ಸ್‌ಕ್ರಿಪ್ಟ್, ದ್ವಿಪ್ರತಿ ಅಂಕಪಟ್ಟಿ, ನೈಜತೆ ಪರಿಶೀಲನೆ ಇವೆಲ್ಲ ಬೇರೆ ಬೇರೆ ಬಾಬ್ತು. ಮೊತ್ತ ಒಂದೇ ಇದ್ದರೂ ತಪ್ಪು ಬಾಬ್ತಿಗೆ ಬಿದ್ದ ಹಣವನ್ನು ಟ್ರಾನ್ಸ್‌ಕ್ರಿಪ್ಟ್ ಶಾಖೆ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮರುಪಾವತಿಗೆ ಅರ್ಜಿ ಹಾಕಿ ಕಾಯುವ ಬದಲು ಹೊಸದಾಗಿ ಕಟ್ಟುವುದೇ ಬೇಗ, ಬೇಸರದ ಮಾತಾದರೂ ನಿಜ. ಹೊರದೇಶದ ಅಂಚೆ ವೆಚ್ಚ ಶುಲ್ಕದಲ್ಲೇ ಸೇರಿದೆಯೋ, ಪ್ರತ್ಯೇಕ ಕಟ್ಟಬೇಕೋ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಹಣ ಹೋದ ಮೇಲೆ ಬರುವ ಪಿಡಿಎಫ್ ಇ-ರಸೀದಿಯೇ ಶುಲ್ಕದ ಪುರಾವೆ. ಅದರಲ್ಲಿ DU ಎಂದು ಶುರುವಾಗುವ ರೆಫರೆನ್ಸ್ ನಂಬರ್ ಇರುತ್ತದೆ, ಹಣಕಾಸು ಶಾಖೆ ಹುಡುಕುವುದು ಅದನ್ನೇ. ಫೋನ್‌ಪೇ ಸ್ಕ್ರೀನ್‌ಶಾಟ್, ಬ್ಯಾಂಕಿನ ಎಸ್ಸೆಮ್ಮೆಸ್ಸು ಅದರ ಬದಲಿಗೆ ನಿಲ್ಲುವುದಿಲ್ಲ. ಖಾತೆಯಿಂದ ಕಡಿತವಾದ ಮೊತ್ತದಲ್ಲಿ ಬ್ಯಾಂಕಿನ ಶುಲ್ಕವೂ ಸೇರಿರಬಹುದಾದ್ದರಿಂದ ಪಾಸ್‌ಬುಕ್ಕಿನ ಅಂಕಿಗೂ ರಸೀದಿಯ ಅಂಕಿಗೂ ನಾಲ್ಕಾರು ರೂಪಾಯಿ ಹೆಚ್ಚುಕಡಿಮೆ ಕಾಣುವುದುಂಟು. ಬ್ಯಾಂಕಿಗೆ ಹೋಗಿ ನಗದು ಕಟ್ಟುವ ಆಯ್ಕೆ ಒತ್ತಿದಾಗ ಬರುವ ಚಲನ್ ರಸೀದಿಯಲ್ಲ. ಕೌಂಟರಿನಲ್ಲಿ ಹಣ ಕಟ್ಟಿ ಮೊಹರು ಬೀಳುವವರೆಗೆ ಅದು ಬರೀ ಹಾಳೆ.

ಸೈಬರ್ ಸೆಂಟರ್‌ನಲ್ಲಿ ಕಟ್ಟಿಸುವವರು ಒಂದು ವಿಷಯ ಗಮನಿಸಿ. ಫಾರ್ಮಿನ ಕೊನೆಗೆ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಕೇಳುತ್ತದೆ. ಅಂಗಡಿಯ ಹುಡುಗ ಅವಸರದಲ್ಲಿ ತನ್ನದೇ ನಂಬರ್, ಯಾವುದೋ ದಿನಾಂಕ ಒತ್ತಿಬಿಡುತ್ತಾನೆ. ಮುಂದೆ ರಸೀದಿ ಕಳೆದುಹೋಗಿ Payment History ಪುಟದಲ್ಲಿ ಮತ್ತೆ ತೆಗೆಯಲು ಹೋದಾಗ ಅದು ಕೇಳುವುದೂ ಅದೇ ದಿನಾಂಕ, ಅದೇ ಮೊಬೈಲ್. ಅಲ್ಲಿಗೆ ಮುಗಿಯಿತು. ನಮ್ಮ ಪ್ರಕರಣದಲ್ಲಿ ಹಣ ಕಟ್ಟುವವರು ಅಣ್ಣ. ಖಾತೆಯ ಹೆಸರು ಬೇರೆಯಾದ್ದರಿಂದ ರಿಮಾರ್ಕ್ಸ್ ಕಾಲಂನಲ್ಲಿ ತಮ್ಮನ ರೆಜಿಸ್ಟರ್ ನಂಬರ್ ಮತ್ತು ವೆಸ್ ರೆಫರೆನ್ಸ್ ನಂಬರ್ ಎರಡನ್ನೂ ಹಾಕಿದರೆ ರಸೀದಿ ತಾನೇ ಮಾತಾಡುತ್ತದೆ.

ಮನವಿ ಪತ್ರ ಒಂದೇ ಪುಟ ಸಾಕು. ಹಿನ್ನೆಲೆ, ವಿನಂತಿ, ವಂದನೆ ಎಂದು ಬೆಳೆಸಿದಷ್ಟೂ ಬೇಕಾದ ನಂಬರ್ ಕಣ್ಣಿಗೆ ಬೀಳುವುದಿಲ್ಲ. ಕೆಲಸಕ್ಕೆ ಬರುವ ಒಕ್ಕಣೆ ಹೀಗಿರುತ್ತದೆ:

ಇವರಿಗೆ,
ಕುಲಸಚಿವರು (ಮೌಲ್ಯಮಾಪನ)

ಮಾನ್ಯರೇ,
ವಿಷಯ: ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಅನ್ನು ವೆಸ್, ಕೆನಡಾಕ್ಕೆ ನೇರವಾಗಿ ಕಳುಹಿಸುವ ಬಗ್ಗೆ. ವೆಸ್ ರೆಫರೆನ್ಸ್ ಸಂಖ್ಯೆ: ……

ನಾನು 2014–17ರ ಸಾಲಿನಲ್ಲಿ ಬಿ.ಕಾಂ. ಮುಗಿಸಿದ್ದು, ನನ್ನ ರೆಜಿಸ್ಟರ್ ಸಂಖ್ಯೆ …… ಆಗಿರುತ್ತದೆ. ಆರೂ ಸೆಮಿಸ್ಟರ್‌ಗಳ ಟ್ರಾನ್ಸ್‌ಕ್ರಿಪ್ಟ್ ಮತ್ತು ಲಗತ್ತಿಸಿದ ವೆಸ್ ಫಾರ್ಮನ್ನು ದೃಢೀಕರಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ಕೆಳಗಿನ ವಿಳಾಸಕ್ಕೆ ತಮ್ಮ ಕಚೇರಿಯಿಂದಲೇ ರವಾನಿಸಬೇಕಾಗಿ ಕೋರುತ್ತೇನೆ. ಶುಲ್ಕ ರೂ. …… ಅನ್ನು ದಿನಾಂಕ …… ರಂದು ಎಸ್‌ಬಿಐ ಕಲೆಕ್ಟ್ ಮೂಲಕ ಪಾವತಿಸಿದ್ದು, ರಸೀದಿ ಸಂಖ್ಯೆ DU……. ಅಂಕಪಟ್ಟಿಯಲ್ಲಿರುವ ‘ಮಂಜುನಾಥ ಎಚ್. ಎಸ್.’ ಮತ್ತು ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಒಬ್ಬರದೇ ಆಗಿದ್ದು, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿದೆ. ನನ್ನ ಪರವಾಗಿ ವ್ಯವಹರಿಸಲು ನನ್ನ ಅಣ್ಣನಿಗೆ ಅಧಿಕಾರ ಪತ್ರ ನೀಡಿರುತ್ತೇನೆ.

ಇದರ ಹಿಂದೆ ಏಳೂ ಮಾರ್ಕ್ಸ್ ಕಾರ್ಡ್‌ಗಳ ಪ್ರತಿ, ಘಟಿಕೋತ್ಸವ ಪ್ರಮಾಣಪತ್ರದ ಪ್ರತಿ, ವೆಸ್ ಫಾರ್ಮ್, ಇ-ರಸೀದಿ, ಪಾಸ್‌ಪೋರ್ಟ್ ಪ್ರತಿ, ಅಧಿಕಾರ ಪತ್ರ, ಅಣ್ಣನ ಗುರುತಿನ ಚೀಟಿ. ಫೇಲಾದ ಬಾರಿಯ ಕಾರ್ಡನ್ನು ನಾಚಿಕೆಯಿಂದ ಬಿಡಬೇಡಿ. ಆ ವಿಷಯ ಪಾಸಾದ ವರ್ಷ ಬೇರೆ ಇರುವುದರಿಂದ ಎರಡೂ ಕಾರ್ಡ್ ಇಲ್ಲದೆ ಟ್ಯಾಬುಲೇಷನ್ ದಾಖಲೆಯೊಂದಿಗೆ ಹೋಲಿಸಲು ಆಗುವುದಿಲ್ಲ. ಇಡೀ ಕಟ್ಟನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನೇರ ಟೇಬಲ್ಲಿಗೇ ಕೊಟ್ಟು ಬಂದ ಅರ್ಜಿಗೆ ಹೆಸರಿರುವುದಿಲ್ಲ, ಆಮೇಲೆ ಯಾರನ್ನು ಕೇಳುವುದು?

ಸಾಧ್ಯವಾದರೆ ಎರಡು ಪ್ರತಿಗೆ ಶುಲ್ಕ ಕಟ್ಟಿ, ಒಂದನ್ನು ಕೈಗೆ ಪಡೆಯಿರಿ. ಲಕೋಟೆ ಮುಚ್ಚುವ ಮುಂಚೆ ಹೆಸರಿನ ಕಾಗುಣಿತ, ಪಾಸಾದ ವರ್ಷ, ಮರುಪರೀಕ್ಷೆಯ ಅಂಕ ನೋಡಲು ಇದೊಂದೇ ಅವಕಾಶ. ಹಳೆಯ ಅಂಕ ಹಾಗೇ ಉಳಿದು ವಿಷಯ ಫೇಲ್ ಎಂದೇ ಅಚ್ಚಾಗುವ ಸಾಧ್ಯತೆ ಇರುವುದು ನಮ್ಮ ಮಾದರಿಯಂಥ ಪ್ರಕರಣಗಳಲ್ಲೇ.

ಲಕೋಟೆಯ ವಿಷಯಕ್ಕೆ ಬಂದರೆ, ಎ4 ಹಾಳೆ ಮಡಚದೆ ಹಿಡಿಸುವ ಬಟ್ಟೆ ಒಳಪದರದ ಕವರ್ ಒಳ್ಳೆಯದು. ಮುಖದ ಮೇಲೆ ವೆಸ್ ವಿಳಾಸ ಮತ್ತು ರೆಫರೆನ್ಸ್ ನಂಬರ್, ಎಡಗಡೆ ವಿಶ್ವವಿದ್ಯಾಲಯದ ವಿಳಾಸ. ಹಿಂದೆ ಅಂಟಿಸಿದ ಮಡಿಕೆಯ ಗೆರೆಯ ಮೇಲೆ ಅರ್ಧ ಆಚೆ, ಅರ್ಧ ಈಚೆ ಬರುವಂತೆ ಸಹಿ ಮತ್ತು ಮೊಹರು ಬೀಳಬೇಕು. ಮಡಿಕೆಯ ಪಕ್ಕದಲ್ಲಿ ಬಿದ್ದ ಮೊಹರಿಗೆ ಅರ್ಥವಿಲ್ಲ, ಏಕೆಂದರೆ ಬಿಚ್ಚಿ ಮತ್ತೆ ಅಂಟಿಸಿದರೂ ಗೊತ್ತಾಗದು. ‘ನೀವೇ ತೆಗೆದುಕೊಂಡು ಹೋಗಿ ಪೋಸ್ಟ್ ಮಾಡಿ’ ಎಂದು ಲಕೋಟೆ ಕೈಗಿಡುವ ಕಚೇರಿಗಳಿವೆ. ಸಹಾಯ ಮಾಡುವ ಮನಸ್ಸೇ ಅದು, ಆದರೆ ಕಳಿಸಿದವರು ಅರ್ಜಿದಾರರು ಎಂದು ಕಂಡರೆ ಇಡೀ ಕೆಲಸ ಮೊದಲಿಂದ. ಸೌಜನ್ಯದಿಂದಲೇ ರವಾನೆ ಶಾಖೆಯ ಮೂಲಕವೇ ಹೋಗಲಿ ಎಂದು ಕೇಳಿಕೊಳ್ಳಿ.

ಘಟಿಕೋತ್ಸವ ಪ್ರಮಾಣಪತ್ರದ ಪ್ರತಿಯನ್ನು ಮಾತ್ರ ವೆಸ್‌ಗೆ ಅರ್ಜಿದಾರರೇ ಕೊಡಬೇಕು. ನಮ್ಮ ವಿಶ್ವವಿದ್ಯಾಲಯಗಳದ್ದು ಹೆಚ್ಚಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವುದರಿಂದ ಅನುವಾದದ ಗೋಜಿಲ್ಲ.

ಕೊನೆಯ ದೂರು ರವಾನೆಯದು. ಲಕೋಟೆ ಹೊರಟಿತೆಂದು ಯಾರೂ ತಾವಾಗಿ ಹೇಳುವುದಿಲ್ಲ. ಇನ್‌ವರ್ಡ್ ನಂಬರ್ ಹಿಡಿದು ರವಾನೆ ಶಾಖೆಯಲ್ಲಿ ಕೇಳಿ ಸ್ಪೀಡ್ ಪೋಸ್ಟ್ ಸಂಖ್ಯೆ ಬರೆದುಕೊಳ್ಳಬೇಕು: 13 ಅಕ್ಷರ, E ಇಂದ ಶುರುವಾಗಿ IN ಎಂದು ಮುಗಿಯುತ್ತದೆ. ದೇಶ ದಾಟಿದ ಮೇಲೆ ನಮ್ಮ ಅಂಚೆಯ ಪುಟ ಮೌನವಾದರೆ ಅದೇ ಸಂಖ್ಯೆಯನ್ನು ಕೆನಡಾ ಪೋಸ್ಟ್ ಪುಟದಲ್ಲಿ ಹಾಕಿ ನೋಡಿ. ಅಲ್ಲಿ ತಲುಪಿದೆ ಎಂದು ಬಂದ ಕೂಡಲೇ ವೆಸ್ ಖಾತೆಯಲ್ಲಿ ಕಾಣುವುದಿಲ್ಲ, ಅವರು ಲಕೋಟೆ ಒಡೆದು ದಾಖಲಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಆ ಗಡಿಬಿಡಿಯಲ್ಲಿ ಎರಡನೇ ಬಾರಿ ಶುಲ್ಕ ಕಟ್ಟುವವರಿದ್ದಾರೆ, ಬೇಡ. ವಿಳಾಸ ತಪ್ಪಿ ಲಕೋಟೆ ನಿಜವಾಗಿಯೂ ವಾಪಸ್ ಬಂದರೂ ಹಳೆಯ DU ಸಂಖ್ಯೆ, ಇನ್‌ವರ್ಡ್ ನಂಬರ್ ತೋರಿಸಿ ಮರುರವಾನೆ ಕೇಳಿ. ಅಂಚೆ ವೆಚ್ಚವಷ್ಟೇ ಪಡೆದು ಅದೇ ಟ್ರಾನ್ಸ್‌ಕ್ರಿಪ್ಟ್ ಹೊಸ ಕವರಿನಲ್ಲಿ ಕಳಿಸಿಕೊಡುವುದುಂಟು.